ಮರಡಿಹಳ್ಳಿಯ ಲಾವಾ, ಮಾರಿಕಣಿವೆಯ ಸುರ್ಕಿ, ರೋಮನ್ ಬಂದರಿನ ಗಾರೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರದ ಕಟ್ಟೆ ಕಲ್ಲು ಮತ್ತು ಸುಣ್ಣ-ಸುರ್ಕಿ ಗಾರೆಯದು. ಅದರ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಹರಿದ ಈ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟೂ ಕಾಲ ನೀರನ್ನು ತಡೆದು ನಿಂತ ಗಾರೆಯನ್ನು ಎರಡು ಸಾವಿರ ವರ್ಷದಿಂದ ಸಮುದ್ರದ ನೀರಿನಲ್ಲೇ ಇರುವ ರೋಮನ್ ಬಂದರುಗಳ ಕಾಂಕ್ರೀಟಿಗೆ ಹೋಲಿಸಬೇಕೆನ್ನಿಸುವುದು ಸಹಜ. ಹೋಲಿಕೆ ಅರ್ಧ ಸರಿ. ಯಾವ ಅರ್ಧ ಎಂಬುದೇ ಈ ಟಿಪ್ಪಣಿಯ ವಿಷಯ. ಅದನ್ನು ತೀರ್ಮಾನಿಸಲು ಬೇಕಾದ ಮೂರನೆಯ ಸಾಕ್ಷಿಯೂ ಅದೇ ತಾಲ್ಲೂಕಿನಲ್ಲಿ, ಮರಡಿಹಳ್ಳಿಯ ಬಳಿ ಇದೆ.

ಮೊದಲು ರೋಮನ್ನರ ವಿಧಾನ. ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾಸ್ತುಕಾರ ವಿಟ್ರೂವಿಯಸ್, ನೇಪಲ್ಸ್ ಕೊಲ್ಲಿಯ ಬೇಯಾ ಪ್ರದೇಶದಲ್ಲಿ ಸಿಗುವ ಒಂದು ಪುಡಿಯನ್ನು ಸುಣ್ಣದ ಜೊತೆ ಬೆರೆಸಿದರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ ಎಂದು ಬರೆದ. ಬಂದರಿನ ಕೆಲಸಕ್ಕೆ ಅವನು ಕೊಟ್ಟ ಅಳತೆ ಎರಡು ಪಾಲು ಪುಡಿಗೆ ಒಂದು ಪಾಲು ಸುಣ್ಣ. ಕಡಲ ತಳದಲ್ಲಿ ಮರದ ಹಲಗೆಗಳ ಅಚ್ಚು ನಿಲ್ಲಿಸಿ, ಒಳಗಿನ ನೀರನ್ನು ಹೊರಹಾಕದೆಯೇ, ಈ ಗಾರೆಯನ್ನೂ ಕಲ್ಲಿನ ಉಂಡೆಗಳನ್ನೂ ಅದರೊಳಗೆ ತುಂಬುತ್ತಿದ್ದರು. ಆ ಉಂಡೆಗಳೂ ಹೆಚ್ಚಾಗಿ ಟಫ್, ಎಂದರೆ ಜ್ವಾಲಾಮುಖಿಯ ಬೂದಿಯೇ ಗಟ್ಟಿಯಾಗಿ ಆದ ಹಗುರ ಕಲ್ಲು. ಎರಡಕ್ಕೊಂದು ಎಂಬ ಅಳತೆಯನ್ನು ಓದಿದವರು ಇದರಲ್ಲಿ ಸುಣ್ಣ ಬಹಳವಿದೆ ಎಂದುಕೊಳ್ಳಬಹುದು. ಆದರೆ ಅದು ಗಾತ್ರದ ಲೆಕ್ಕ, ಅದೂ ಗಾರೆಗೆ ಮಾತ್ರ. ಅರಳಿದ ಸುಣ್ಣ ಹಗುರ. ಉಂಡೆಗಲ್ಲುಗಳನ್ನೂ ಸೇರಿಸಿ ಇಡೀ ದಿಮ್ಮಿಯನ್ನು ತೂಗಿದರೆ ಸುಣ್ಣದ ಪಾಲು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಬೆಂಕಿಬೆಟ್ಟದ ಸರಕು.

ಇದು ಬರಿಯ ಹಳೆಯ ಗ್ರಂಥದ ಮಾತಾಗಿ ಉಳಿದಿಲ್ಲ. ಜಾನ್ ಓಲೆಸನ್, ಕ್ರಿಸ್ಟೋಫರ್ ಬ್ರಾಂಡನ್, ರಾಬರ್ಟ್ ಹೋಲ್‌ಫೆಲ್ಡರ್ ಅವರ ತಂಡ 2002ರಿಂದ ಮೆಡಿಟರೇನಿಯನ್ ತೀರದ ಹಲವು ಬಂದರುಗಳಲ್ಲಿ ಕೊರೆದು, ಕಂಬದಂತಹ ಉದ್ದ ಮಾದರಿಗಳನ್ನು ಹೊರತೆಗೆಯಿತು. ಭೂವಿಜ್ಞಾನಿ ಮೇರಿ ಜಾಕ್ಸನ್ ಮತ್ತು ಜೊತೆಗಾರರು ಆ ಮಾದರಿಗಳ ಖನಿಜಗಳನ್ನು ಪರಿಶೀಲಿಸಿ 2013 ಮತ್ತು 2017ರಲ್ಲಿ ಪ್ರಕಟಿಸಿದರು. ಮುಂದಿನ ವಿವರಣೆಗೆ ಮುಖ್ಯ ಆಧಾರ ಈ ಕೆಲಸವೇ.

ಬೂದಿ ಮಾಡುವುದೇನು? ಸುಣ್ಣ ಒಂದೇ ಇದ್ದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡೇ ಗಟ್ಟಿಯಾಗಬೇಕು. ನೀರಿನಡಿ ಅದು ಆಗದ ಮಾತು. ಬೂದಿ ಸೇರಿದರೆ ದಾರಿ ಬದಲಾಗುತ್ತದೆ. ಸಿಡಿದು ಗಾಳಿಯಲ್ಲೇ ತಣಿದ ಕರಗಿದ ಕಲ್ಲಿಗೆ ಹರಳುಗಟ್ಟಲು ಸಮಯ ಸಿಕ್ಕಿರುವುದಿಲ್ಲ. ಅದರೊಳಗಿನ ಸಿಲಿಕಾ ಮತ್ತು ಅಲ್ಯುಮಿನಾ ಗಾಜಿನ ರೂಪದಲ್ಲಿ, ಯಾವ ಕ್ರಮವೂ ಇಲ್ಲದೆ, ಸಡಿಲವಾಗಿ ಉಳಿದಿರುತ್ತವೆ. ಸುಣ್ಣದ ನೀರಿನ ತೀಕ್ಷ್ಣ ಕ್ಷಾರ ಈ ಗಾಜನ್ನು ಕರಗಿಸುತ್ತದೆ; ಕರಗಿದ ಸಿಲಿಕಾ, ಅಲ್ಯುಮಿನಾ ಸುಣ್ಣದ ಕ್ಯಾಲ್ಸಿಯಂ ಜೊತೆ ಕೂಡಿ ಎಲ್ಲವನ್ನೂ ಹಿಡಿದಿಡುವ ಅಂಟಾಗುತ್ತವೆ. ಇದಕ್ಕೆ ಗಾಳಿ ಬೇಡ, ನೀರು ಸಾಕು. ಜೊತೆಗೆ, ಬಿಡಿಯಾಗಿದ್ದ ಸುಣ್ಣ ಖರ್ಚಾಗಿಬಿಡುತ್ತದೆ. ಇದು ಕಡಲಿನಲ್ಲಿ ದೊಡ್ಡ ಲಾಭ, ಏಕೆಂದರೆ ಸಮುದ್ರದ ನೀರು ಮೊದಲು ತೊಳೆದುಕೊಂಡು ಹೋಗುವುದು ಆ ಬಿಡಿ ಸುಣ್ಣವನ್ನೇ. ಈಗಿನ ಪೋರ್ಟ್‌ಲೆಂಡ್ ಸಿಮೆಂಟು ಗಟ್ಟಿಯಾಗುವಾಗ ತಾನೇ ಬಿಡಿ ಸುಣ್ಣವನ್ನು ಹುಟ್ಟಿಸುತ್ತದೆ. ಅದು ಕರಗಿ ಹೋದೆಡೆ ರಂಧ್ರಗಳಾಗುತ್ತವೆ. ಉಪ್ಪುನೀರಿನ ಸಲ್ಫೇಟ್ ಒಳನುಗ್ಗಿ ಉಬ್ಬುವ ಹರಳುಗಳನ್ನು ಬೆಳೆಸಿ ಬಿರುಕು ಬಿಡಿಸುತ್ತದೆ. ರೋಮನ್ ಮಾದರಿಗಳಲ್ಲೂ ಸಲ್ಫೇಟಿನ, ಕ್ಲೋರೈಡಿನ ಹರಳುಗಳು ಸಿಕ್ಕಿವೆ. ಆದರೆ ಅವು ಅಲ್ಲಲ್ಲಿ ಬಿಡಿ ಗೂಡುಗಳಲ್ಲಿ ಕೂತಿವೆ, ಇಡೀ ದಿಮ್ಮಿಯನ್ನು ಸೀಳಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ರೋಮನ್ ಗಾರೆ ಕೆಡದೆ ಉಳಿಯಿತು ಎನ್ನಬಹುದಿತ್ತು, ಅಷ್ಟೆ. ಮಾದರಿಗಳು ಅದಕ್ಕಿಂತ ಹೆಚ್ಚಿನದನ್ನು ತೋರಿಸಿದವು. ದಿಮ್ಮಿ ದೊಡ್ಡದಿದ್ದುದರಿಂದ ಮೊದಲ ಪ್ರತಿಕ್ರಿಯೆಯ ಕಾವು ಒಳಗೇ ಉಳಿಯಿತು. ಆ ಬಿಸಿಯಲ್ಲಿ ಕರಗದೆ ಉಳಿದ ಸುಣ್ಣದ ಗಂಟುಗಳೊಳಗೆ ಅಲ್ಯುಮಿನಿಯಂ ಟೋಬರ್ಮೊರೈಟ್ ಎಂಬ ತೆಳುಹಾಳೆಯಂಥ ಹರಳು ಬೆಳೆಯಿತು. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಲು ಹೆಚ್ಚಿನ ಉಷ್ಣತೆ ಬೇಕಾಗುತ್ತದೆ, ಬಂದ ಫಸಲೂ ಸ್ವಲ್ಪವೇ. ಕೆಲವು ವರ್ಷಗಳಲ್ಲಿ ದಿಮ್ಮಿ ತಣಿದು, ಸುಣ್ಣವೂ ಮುಗಿದ ಮೇಲೆ ಎರಡನೆಯ ಹಂತ ಶುರುವಾಯಿತು. ಸಮುದ್ರದ ನೀರು ನಿಧಾನವಾಗಿ ಒಳಗೆ ಇಂಗುತ್ತಾ ಉಳಿದ ಗಾಜನ್ನು ಕರಗಿಸಿತು. ನೇಪಲ್ಸ್ ಕೊಲ್ಲಿಯ ಬೂದಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಹೇರಳ. ಅವು ಕರಗಿದಂತೆಲ್ಲ ರಂಧ್ರದ ನೀರು ಮತ್ತೆ ಕ್ಷಾರವಾಯಿತು. ಆ ನೀರಿನಿಂದ ಬೂದಿಯ ಸಣ್ಣ ಗೂಡುಗಳಲ್ಲಿ ಫಿಲಿಪ್ಸೈಟ್ ಹರಳು, ಅದರೊಡನೆ ಮತ್ತಷ್ಟು ಟೋಬರ್ಮೊರೈಟ್ ಬೆಳೆದವು, ಈ ಸಲ ಬಿಸಿಯ ನೆರವಿಲ್ಲದೆ. ರಂಧ್ರ, ಬಿರುಕುಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡ ಈ ಹರಳುಗಳು ಬಿರುಕು ಮುಂದೆ ಓಡದಂತೆ ತಡೆಯುತ್ತವೆ. ಅಲೆಗಳಿಗೆ ಬಗ್ಗದೆ ದಿನದಿನಕ್ಕೂ ಬಲಗೊಳ್ಳುವ ಗಾರೆ ಎಂದು ಒಂದನೆಯ ಶತಮಾನದ ಪ್ಲಿನಿ ಬರೆದದ್ದನ್ನು ಬಹುಕಾಲ ಅಲಂಕಾರವೆಂದೇ ಓದಿದ್ದೆವು. ಅದು ಹೆಚ್ಚುಕಡಿಮೆ ವರದಿ.

ಈಗ ಮರಡಿಹಳ್ಳಿ. ಅಲ್ಲಿಯ ದಿಂಬಿನಾಕಾರದ ಲಾವಾ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅದು. ಹೊಳಲ್ಕೆರೆ, ಹೊಸದುರ್ಗಗಳ ಕಡೆಗೂ ಹಬ್ಬಿರುವ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಇಂಥ ಹಳೆಯ ಜ್ವಾಲಾಮುಖಿ ಕಲ್ಲಿಗೆ ಬರವಿಲ್ಲ. ಹಾಗಿದ್ದರೆ ಈ ಕಲ್ಲನ್ನೇ ಪುಡಿಮಾಡಿ ಸುಣ್ಣಕ್ಕೆ ಬೆರೆಸಿದರೆ ರೋಮನ್ ಗಾರೆ ಆಗದೇ? ಆಗದು. ನೀರು ತಾಗಿ ಥಟ್ಟನೆ ತಣಿದ ಈ ದಿಂಬುಗಳ ಹೊರಚಿಪ್ಪು ಹುಟ್ಟಿದಾಗ ಗಾಜೇ ಆಗಿತ್ತು. ನೆಲದಾಳದ ಒತ್ತಡ, ಬಿಸಿಗೆ ಸಿಕ್ಕಿ ಅದು ಎಂದೋ ಕ್ಲೋರೈಟಿನಂಥ ಹಸಿರು ಹರಳುಗಳಾಗಿ ಮಾರ್ಪಟ್ಟಿದೆ. ಹರಳಾಗಿ ನೆಲೆನಿಂತ ಸಿಲಿಕಾ ಸುಣ್ಣಕ್ಕೆ ಬಗ್ಗುವುದಿಲ್ಲ. ಗಾರೆಯಲ್ಲಿ ಅದು ಮರಳಿನ ಕೆಲಸ ಮಾಡೀತು, ಅಂಟಿನ ಕೆಲಸ ಮಾಡದು. ಬೆಂಕಿಬೆಟ್ಟದ ಕಲ್ಲಾದರೆ ಸಾಲದು, ಅದು ಇನ್ನೂ ಗಾಜಾಗಿ ಉಳಿದಿರಬೇಕು. ರೋಮನ್ ಗಾರೆಯ ಬಗೆಗಿನ ಜನಪ್ರಿಯ ಬರಹಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ನಮ್ಮ ಕಡೆ ಆ ಗಾಜು ಇರಲಿಲ್ಲ. ಸುರ್ಕಿ ಅದರ ಬದಲಿ. ಜೇಡಿಮಣ್ಣನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರ ಹರಳಿನೊಳಗೆ ಕಟ್ಟಿಕೊಂಡಿದ್ದ ನೀರು ಹೊರಟು, ಒಳಗಿನ ಜೋಡಣೆ ಕುಸಿಯುತ್ತದೆ. ಬೂದಿಗೆ ಬೆಂಕಿಬೆಟ್ಟ ಕೊಟ್ಟ ಅಸ್ತವ್ಯಸ್ತತೆಯನ್ನು ಇಲ್ಲಿ ಇಟ್ಟಿಗೆಗೂಡು ಕೊಡುತ್ತದೆ. ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ, ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಸುಣ್ಣದೊಡನೆ ಅರೆದರೆ ಮೇಲೆ ಹೇಳಿದ ಮೊದಲ ಪ್ರತಿಕ್ರಿಯೆಯೇ ನಡೆಯುತ್ತದೆ. ಸುಡುವ ಹದವೇ ಇದರ ಗುಟ್ಟು. ಹಸಿ ಇಟ್ಟಿಗೆಯಲ್ಲಿ ಜೇಡಿ ಜೇಡಿಯಾಗಿಯೇ ಉಳಿದಿರುತ್ತದೆ. ವಿಪರೀತ ಸುಟ್ಟು ಕಪ್ಪಾದ ಇಟ್ಟಿಗೆಯಲ್ಲಿ ಹೊಸ ಹರಳುಗಳು ಕಟ್ಟಿಕೊಂಡು ಪುಡಿ ಮತ್ತೆ ಜಡವಾಗುತ್ತದೆ. ಬಣ್ಣ ನೋಡಿ ನಿರ್ಧರಿಸುವುದಕ್ಕಿಂತ ಸುಣ್ಣದೊಡನೆ ಪರೀಕ್ಷಿಸುವುದು ಮೇಲು. ಪುಡಿ, ಸುಣ್ಣ, ಮರಳು ಸೇರಿಸಿ ಅಚ್ಚುಹಾಕಿದ ಘನಗಳನ್ನು 50 ಡಿಗ್ರಿಯ ತೇವದಲ್ಲಿ ಎಂಟು ದಿನ ಇಟ್ಟು ಒತ್ತಿ ಮುರಿಯುವ ವಿಧಾನ ಭಾರತೀಯ ಮಾನಕ 1727ರಲ್ಲಿದೆ. ಸುರ್ಕಿ ನಿಜವಾಗಿ ದುಡಿಯುತ್ತಿದೆಯೇ ಎಂಬುದಕ್ಕೆ ಆ ಘನದ ಬಲವೇ ಉತ್ತರ.

ಕಟ್ಟೆಯ ಮೇಲೆಯೂ ಒಂದು ಗುರುತು ಸಿಗುತ್ತದೆ. ಸುಣ್ಣ ಪೂರ್ತಿ ಕೂಡಿಕೊಳ್ಳದ ಯಾವುದೇ ಗಾರೆಯಲ್ಲಿ ಸೋರುವ ಸಿಹಿನೀರು ಬಿಡಿ ಸುಣ್ಣವನ್ನು ಕರಗಿಸಿಕೊಂಡು ಬಂದು, ಹೊರಮೈಯ ಗಾಳಿಯಲ್ಲಿ ಬಿಳಿ ಪದರವಾಗಿ ಬಿಟ್ಟುಹೋಗುತ್ತದೆ. ಒಂದಿಷ್ಟು ಬಿಳಿ ಗೆರೆ ಹೆದರಬೇಕಾದದ್ದಲ್ಲ, ಕೆಲವೊಮ್ಮೆ ಅದೇ ಸಂದನ್ನು ಮುಚ್ಚುತ್ತದೆ. ಸೋರಿಕೆಯೂ ಪದರವೂ ವರ್ಷವರ್ಷ ಒಟ್ಟಿಗೆ ಹೆಚ್ಚುತ್ತಿದ್ದರೆ ಗಾರೆ ಒಳಗಿನಿಂದ ಖಾಲಿಯಾಗುತ್ತಿದೆ ಎಂದರ್ಥ.

ಹೋಲಿಕೆ ಅರ್ಧ ಸರಿ ಎಂದದ್ದು ಇದಕ್ಕೆ. ಮೊದಲ ಹಂತ ಎರಡಕ್ಕೂ ಸಮಾನ. ಎರಡನೆಯ ಹಂತಕ್ಕೆ ಬೇಕಾದ ಕ್ಷಾರಭರಿತ ಬೂದಿಯಾಗಲಿ ಸಮುದ್ರದ ನೀರಾಗಲಿ ಮಾರಿಕಣಿವೆಯಲ್ಲಿಲ್ಲ. ಅಲ್ಲಿಯ ಬಾಳಿಕೆಗೆ ಬೇರೆ ಕಾರಣಗಳೂ ಇವೆ: ಉಪ್ಪಿಲ್ಲದ ನೀರು, ತನ್ನ ತೂಕದಿಂದಲೇ ನಿಲ್ಲುವ ಕಲ್ಲಿನ ಗೋಡೆ, ಒಳಗೆ ತುಕ್ಕು ಹಿಡಿಯಲು ಕಬ್ಬಿಣದ ಸರಳುಗಳೇ ಇಲ್ಲದಿರುವುದು.

ಈ ಕೊನೆಯ ಮಾತು ರೋಮನ್ನರಿಗೂ ಸಲ್ಲುತ್ತದೆ. ಇಂದಿನ ಕಡಲತೀರದ ಕಾಂಕ್ರೀಟು ಹಾಳಾಗುವುದು ಬಹುಪಾಲು ಉಪ್ಪು ತಾಗಿ ಸರಳು ತುಕ್ಕು ಹಿಡಿದು ಉಬ್ಬುವುದರಿಂದ. ರೋಮನ್ ದಿಮ್ಮಿಗಳಲ್ಲಿ ಸರಳಿಲ್ಲ; ಆದರೆ ಅವುಗಳ ಒತ್ತಡ ತಾಳುವ ಬಲವೂ ಈಗಿನ ಸಾಧಾರಣ ಕಾಂಕ್ರೀಟಿಗಿಂತ ಬಹಳ ಕಡಿಮೆ, ಗಟ್ಟಿಯಾಗುವುದೂ ತೀರ ನಿಧಾನ. ದಿಮ್ಮಿ ಉಳಿದರೆ ಬಂದರು ಉಳಿಯಿತೆಂದೂ ಅಲ್ಲ. ಹೆರೋದ್ ದೊರೆ ಕ್ರಿಸ್ತಪೂರ್ವ 22ರ ಸುಮಾರಿಗೆ ಸಿಸೇರಿಯಾದಲ್ಲಿ ಬಂದರು ಕಟ್ಟಿಸಲು ಇದೇ ಬೂದಿಯನ್ನು ನೇಪಲ್ಸ್ ಕೊಲ್ಲಿಯಿಂದ ಸುಮಾರು 2000 ಕಿಲೋಮೀಟರ್ ದೂರ ಹಡಗಿನಲ್ಲಿ ತರಿಸಿದ. ಆ ಅಲೆತಡೆಗಳು ಕಾಲಕ್ರಮದಲ್ಲಿ ತಳದ ಸಮೇತ ಕುಸಿದು ಮುಳುಗಿದವು. ಗಾರೆ ಇಂದಿಗೂ ಕಡಲ ತಳದಲ್ಲಿದೆ, ಬಂದರು ಇಲ್ಲ. 2023ರಲ್ಲಿ ಸುದ್ದಿಯಾದ ಇನ್ನೊಂದು ಅಧ್ಯಯನವನ್ನೂ ಇಲ್ಲಿಗೆ ತಳುಕು ಹಾಕಬಾರದು. ಸುಟ್ಟ ಸುಣ್ಣವನ್ನು ಅರಳಿಸದೆಯೇ ಬಿಸಿಯಾಗಿ ಬೆರೆಸುತ್ತಿದ್ದರು, ಉಳಿದ ಸುಣ್ಣದ ಗಂಟುಗಳೇ ಬಿರುಕು ಮುಚ್ಚುತ್ತವೆ ಎಂಬ ಆ ವಾದಕ್ಕೆ ಆಧಾರವಾದ ಮಾದರಿಗಳು ಪ್ರಿವರ್ನಮ್ ಎಂಬ ಊರಿನ ಗೋಡೆಯವು, ನೆಲದ ಮೇಲಿನವು.

ಸುರ್ಕಿಯ ವಿದ್ಯೆ ರೋಮಿನಿಂದಲೇ ಬಂದಿರಬಹುದೇ ಎಂಬ ಪ್ರಶ್ನೆಯೂ ಏಳಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. ರೋಮನ್ ಬಂದರುಗಳ ದಿಮ್ಮಿಗಳನ್ನು ಕಟ್ಟುತ್ತಿದ್ದ ಕಾಲಮಾನವೇ ಅವುಗಳದೂ. ರೋಮಿನ ನಾಣ್ಯ ಬಂತು ಎಂಬುದರಿಂದ ರೋಮಿನ ಗಾರೆವಿದ್ಯೆ ಬಂತು ಎಂದು ಹೇಳುವುದಕ್ಕೆ ಆಧಾರವಿಲ್ಲ. ಸುಟ್ಟ ಮಣ್ಣಿಗೂ ಸುಣ್ಣಕ್ಕೂ ಹೊಂದುತ್ತದೆ ಎಂಬುದನ್ನು ಇಟ್ಟಿಗೆ ಸುಡುವ ಯಾವ ನಾಡಾದರೂ ತಾನೇ ಕಂಡುಕೊಳ್ಳಬಹುದು.

ಇಂದು ಗಾಜಿನ ಬೂದಿಯನ್ನು ಹುಡುಕಿಕೊಂಡು ನೇಪಲ್ಸ್‌ಗೆ ಹೋಗಬೇಕಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಏರಿ ಥಟ್ಟನೆ ತಣಿಯುವ ಹಾರುಬೂದಿಯಲ್ಲೂ ಬಹುಭಾಗ ಗಾಜಿನ ಕಣಗಳೇ. ಅಂಗಡಿಯಲ್ಲಿ ಸಿಗುವ ಪೊಜೊಲಾನ ಸಿಮೆಂಟಿನಲ್ಲಿ ಬೆರೆತಿರುವುದು ಸಾಮಾನ್ಯವಾಗಿ ಇಂಥ ಬೂದಿಯೇ. ಕರಾವಳಿಯಲ್ಲಿ ಸರಳು ಹಾಕಿ ಕಟ್ಟುವ ತೊಲೆ-ಕಂಬಗಳಿಗೆ ರೋಮನ್ ಸುಣ್ಣ-ಬೂದಿ ಗಾರೆ ಒಗ್ಗದು. ಸರಳಿಲ್ಲದ, ಅವಸರವಿಲ್ಲದ, ತೂಕವೇ ಮುಖ್ಯವಾದ ಅಲೆತಡೆಯ ದಿಮ್ಮಿಗಳಿಗೆ ಮಾತ್ರ ಅದನ್ನು ಪರೀಕ್ಷಿಸಿ ನೋಡಬಹುದು.