ಟೇಬಲ್ ಹೊಂದಿಕೆ (ಹೋಟೆಲು)

ಊಟದ ಹೋಟೆಲಿನಲ್ಲಿ ಇಬ್ಬರ, ನಾಲ್ವರ ಮತ್ತು ದೊಡ್ಡ ಟೇಬಲ್‌ಗಳನ್ನು ಯಾವ ಪ್ರಮಾಣದಲ್ಲಿ ಎಲ್ಲೆಲ್ಲಿ ಹಾಕಬೇಕು ಎಂಬ ಲೆಕ್ಕಾಚಾರ. ಬಾಗಿಲಲ್ಲಿ ಜನ ಕಾಯುತ್ತಿದ್ದರೂ ಒಳಗೆ ಕುರ್ಚಿಗಳು ಖಾಲಿ ಇದ್ದರೆ ಹೊಂದಿಕೆ ತಪ್ಪಿದೆ ಎಂದೇ ಅರ್ಥ.

ಇತಿಹಾಸ. ಉಡುಪಿ ಹೋಟೆಲುಗಳಲ್ಲಿ ಈ ತೊಡಕು ಅಷ್ಟಾಗಿ ಕಾಡಲಿಲ್ಲ. ನಾಲ್ವರ ಟೇಬಲ್‌ನಲ್ಲಿ ಅಪರಿಚಿತರೂ ಎದುರುಬದುರು ಕೂತು ತಿಂಡಿ ತಿನ್ನುವ ರೂಢಿಯಿದ್ದುದರಿಂದ ಕುರ್ಚಿ ತಾನಾಗಿ ತುಂಬುತ್ತಿತ್ತು. ಬೆಂಗಳೂರಿನ ದರ್ಶಿನಿಗಳು ಕುರ್ಚಿಯನ್ನೇ ತೆಗೆದುಹಾಕಿದವು. ಟೇಬಲ್ ಹಂಚಿಕೊಳ್ಳಲು ಗಿರಾಕಿಗಳು ಒಪ್ಪದ ಕಡೆಯೇ ಲೆಕ್ಕ ಬೇಕಾಗುವುದು.

ಒಂದು ಲೆಕ್ಕ. ಹತ್ತು ನಾಲ್ವರ ಟೇಬಲ್‌ಗಳ, ಅಂದರೆ 40 ಕುರ್ಚಿಗಳ ಹಾಲ್ ಒಂದನ್ನು ಊಹಿಸೋಣ. ಮಧ್ಯಾಹ್ನ ಒಂದೇ ಹೊತ್ತಿಗೆ ಐದು ಜೋಡಿಗಳು, ನಾಲ್ವರ ಮೂರು ಗುಂಪು, ಆರು ಜನರ ಎರಡು ಗುಂಪು ಬಂದವು. ಜೋಡಿಗಳಿಗೆ ಐದು, ನಾಲ್ವರಿಗೆ ಮೂರು ಟೇಬಲ್ ಹೋದರೆ ಉಳಿದ ಎರಡನ್ನು ಜೋಡಿಸಿ ಆರು ಜನರ ಒಂದು ಗುಂಪನ್ನಷ್ಟೇ ಕೂರಿಸಬಹುದು. ಕೂತವರು 28 ಮಂದಿ. ಇನ್ನೊಂದು ಗುಂಪು ಹೊರಗೆ.

ಈಗ ಗೋಡೆಗುಂಟ ಇರುವ ನಾಲ್ಕು ಟೇಬಲ್ ತೆಗೆಯೋಣ. ಒಂದೊಂದೂ 120 ಸೆಂ.ಮೀ. ಉದ್ದ, ನಡುವೆ 45 ಸೆಂ.ಮೀ. ಅಂತರ, ಒಟ್ಟು 615 ಸೆಂ.ಮೀ. ಅಲ್ಲಿ 60 ಸೆಂ.ಮೀ. ಅಗಲದ ಇಬ್ಬರ ಟೇಬಲ್‌ಗಳನ್ನು 30 ಸೆಂ.ಮೀ. ಅಂತರದಲ್ಲಿಟ್ಟರೆ ಎಂಟು ಹಿಡಿಯುವುದಿಲ್ಲ, ಏಳು ಹಿಡಿಯುತ್ತವೆ. ಕುರ್ಚಿ 38ಕ್ಕೆ ಇಳಿಯಿತು. ಆದರೆ ಐದು ಜೋಡಿಗಳು ಐದು ಚಿಕ್ಕ ಟೇಬಲ್‌ಗಳಲ್ಲಿ ಕೂತು, ಉಳಿದೆರಡನ್ನು ಒಂದೊಂದು ನಾಲ್ವರ ಟೇಬಲ್‌ಗೆ ಜೋಡಿಸಿದರೆ ಆರರ ಎರಡೂ ಗುಂಪಿಗೆ ಜಾಗವಾಗುತ್ತದೆ. ಕೂತವರು 34 ಮಂದಿ, ನಾಲ್ವರ ಒಂದು ಟೇಬಲ್ ಇನ್ನೂ ಖಾಲಿ. ಎಷ್ಟು ಕುರ್ಚಿ ಹಿಡಿಸಿದೆ ಎಂದಷ್ಟೇ ಎಣಿಸುವ ಮಾಲೀಕರಿಗೆ ಇದು ಕಾಣುವುದೇ ಇಲ್ಲ.

ಮಿತಿಗಳು. ಅಂತರವನ್ನು 30 ಸೆಂ.ಮೀ.ಗಿಂತ ಕಡಿಮೆ ಮಾಡಿದರೆ ಗೋಡೆ ಬದಿಯವರು ಏಳುವಾಗ ಪಕ್ಕದ ಟೇಬಲ್‌ನ ಲೋಟ ಉರುಳುತ್ತದೆ. ಹೊರಕ್ಕೆ ಎಳೆದ ಕುರ್ಚಿಗಳ ಹಿಂದೆ ಸಪ್ಲೈಯರ್ ತಟ್ಟೆಗಳನ್ನು ಹಿಡಿದು ನಡೆಯಲು ಸುಮಾರು 90 ಸೆಂ.ಮೀ. ಬೇಕು. ಜೋಡಿಸುವ ಟೇಬಲ್‌ಗಳ ಎತ್ತರ ಒಂದೇ ಇರಬೇಕು. ದುಂಡು ಟೇಬಲ್ ಈ ಕೆಲಸಕ್ಕೆ ಬಾರದು.

ಜೋಡಣೆಯೂ ಪುಕ್ಕಟೆಯಲ್ಲ. ದೊಡ್ಡ ಗುಂಪಿಗಾಗಿ ಅಕ್ಕಪಕ್ಕದ ಎರಡೂ ಟೇಬಲ್ ಖಾಲಿಯಾಗುವವರೆಗೆ ಮೊದಲು ಖಾಲಿಯಾದದ್ದು ಸುಮ್ಮನೆ ಬಿದ್ದಿರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗ್ಯಾರಿ ಥಾಂಪ್ಸನ್ ಈ ಪ್ರಶ್ನೆಯನ್ನು ಅಧ್ಯಯನ ಮಾಡಿದ್ದಾರೆ: ಜೋಡಣೆಯ ಲಾಭ ಸಣ್ಣ ಹೋಟೆಲುಗಳಿಗೆ ಹೆಚ್ಚು, ದೊಡ್ಡವುಗಳಿಗೆ ಅಳತೆಗೆ ತಕ್ಕ ಬಿಡಿ ಟೇಬಲ್‌ಗಳೇ ಬಹುಮಟ್ಟಿಗೆ ಮೇಲು.

ಪ್ರಮಾಣ ನಿರ್ಧರಿಸಲು ಬಿಲ್ಲಿನಲ್ಲಿ ತಲೆ ಎಣಿಕೆ ಬರೆದಿಟ್ಟರೆ ಸಾಕು. ಆದರೆ ನೂಕುನುಗ್ಗಲಿನ ಹೊತ್ತಿನ ಬಿಲ್ಲುಗಳನ್ನು ಮಾತ್ರ ನೋಡಬೇಕು. ವಾರದ ದಿನಗಳನ್ನೂ ಸಂಸಾರಗಳು ಬರುವ ಭಾನುವಾರವನ್ನೂ ಬೆರೆಸಿದ ಸರಾಸರಿ ಎರಡಕ್ಕೂ ಹೊಂದುವುದಿಲ್ಲ.