ತಿದ್ದಿದ ಸರಕಿನ ಚಿತ್ರ

ಮಾರಾಟದ ವಸ್ತುವಿನ ಕುಂದನ್ನು ಅಳಿಸಿ, ಇಲ್ಲದ್ದನ್ನು ಸೇರಿಸಿ ಅಥವಾ ಬೇರೆ ಬೇರೆ ಚಿತ್ರಗಳನ್ನು ಬೆಸೆದು ಮಾಡಿದ ಛಾಯಾಚಿತ್ರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಬಾದಾಮಿ, ರಸಪುರಿ, ತೋತಾಪುರಿ ಮಾವಿಗೆ ಹೆಸರಾಗಿದೆ. ಇಂಥ ಹಣ್ಣನ್ನು ಮೊಬೈಲಿನಲ್ಲಿ ಕೊಳ್ಳುವವರು ಮುಟ್ಟಿ, ಮೂಸಿ ನೋಡಲಾರರು. ಅವರಿಗೆ ಸಿಗುವ ಮಾದರಿ ಚಿತ್ರ ಮಾತ್ರ. ತಿದ್ದುಪಡಿಯನ್ನು ಮುಖ್ಯವಾಗಿ ಮೂರು ಕುರುಹುಗಳಿಂದ ಪತ್ತೆ ಮಾಡಬಹುದು.

ನೆರಳು

ತೋಟದಲ್ಲಿ ತೆಗೆದ ಚಿತ್ರಕ್ಕೆ ಬೆಳಕಿನ ಮೂಲ ಸೂರ್ಯನೊಬ್ಬನೇ. ನೆರಳಿನ ತುದಿಯಿಂದ ಆ ನೆರಳು ಬೀಳಿಸಿದ ಬಿಂದುವಿಗೆ ಚಿತ್ರದ ಮೇಲೆ ಸರಳರೇಖೆ ಎಳೆಯಬೇಕು. ಹೀಗೆ ಹಲವು ವಸ್ತುಗಳಿಗೆ ಎಳೆದ ರೇಖೆಗಳು ಮುಂದುವರಿದು ಒಂದೇ ಬಿಂದುವಿನಲ್ಲಿ ಕೂಡಬೇಕು, ಇಲ್ಲವೇ ಸಮಾನಾಂತರವಾಗಿರಬೇಕು. ಒಂದು ಕ್ರೇಟಿನ ರೇಖೆ ಮಾತ್ರ ಬೇರೆಡೆಗೆ ಹೋದರೆ ಅದನ್ನು ಆಮೇಲೆ ಅಂಟಿಸಲಾಗಿದೆ ಎಂದು ಶಂಕಿಸಬಹುದು. ಬರಿಗಣ್ಣಿನ ಅಂದಾಜು ಇಲ್ಲಿ ಸಾಲದು, ರೇಖೆ ಎಳೆದೇ ನೋಡಬೇಕು.

ಹೊತ್ತನ್ನೂ ನೆರಳಿನಿಂದ ಪರೀಕ್ಷಿಸಬಹುದು. ಶ್ರೀನಿವಾಸಪುರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರಂದು ಮಧ್ಯಾಹ್ನ 12.20ರ ಸುಮಾರಿಗೆ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುವುದರಿಂದ 30 ಸೆಂ.ಮೀ. ಎತ್ತರದ ಕ್ರೇಟಿನ ನೆರಳು ದಕ್ಷಿಣಕ್ಕೆ 5 ಸೆಂ.ಮೀ.ನಷ್ಟೇ ಬೀಳುತ್ತದೆ. ಆ ದಿನದ ನಡುಮಧ್ಯಾಹ್ನದ್ದೆಂದು ಹೇಳಿದ ಚಿತ್ರದಲ್ಲಿ ಕ್ರೇಟಿನ ನೆರಳು ಅದರ ಎತ್ತರದಷ್ಟೇ ಉದ್ದವಿದ್ದರೆ ಹೊತ್ತು ಸುಳ್ಳು, ಇಲ್ಲವೇ ಚಿತ್ರ ಸುಳ್ಳು.

ನಕಲು ತೇಪೆ

ಚಿಬ್ಬು ರೋಗದ ಕಪ್ಪು ಮಚ್ಚೆಯನ್ನು ಮುಚ್ಚಲು ಪಕ್ಕದ ಸಿಪ್ಪೆಯ ಭಾಗವನ್ನೇ ನಕಲು ಮಾಡಿ ಅಂಟಿಸುತ್ತಾರೆ. ಮಾವಿನ ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳ ವಿನ್ಯಾಸ ಸಹಜವಾಗಿ ಎರಡು ಕಡೆ ಒಂದೇ ರೀತಿ ಇರುವುದಿಲ್ಲ. ಚಿತ್ರವನ್ನು ಹಿಗ್ಗಿಸಿದಾಗ ಅದೇ ಚುಕ್ಕೆಗಳ ಗುಂಪು ಮತ್ತೆ ಕಂಡರೆ ಅದು ತೇಪೆ. ಕಣ್ಣಿಗೆ ತಪ್ಪಿದ್ದನ್ನು ಗಣಕ ಹಿಡಿಯುತ್ತದೆ. ಜೆಸಿಕಾ ಫ್ರಿಡ್ರಿಚ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ವಿಧಾನದಲ್ಲಿ ಚಿತ್ರವನ್ನು ಒಂದರ ಮೇಲೊಂದು ಹಾಯುವ ಸಣ್ಣ ಚೌಕಗಳಾಗಿ ಓದಿ, ಹೋಲುವ ಚೌಕಗಳನ್ನು ಜೋಡಿಸುತ್ತಾರೆ. ಹಲವು ಜೋಡಿಗಳು ಒಂದೇ ದಿಕ್ಕಿನಲ್ಲಿ ಒಂದೇ ದೂರಕ್ಕೆ ಸರಿದಿದ್ದರೆ ನಕಲು ಬಯಲಾಗುತ್ತದೆ. ಒಂದೇ ಬಣ್ಣದ ಆಕಾಶ ಅಥವಾ ಬಿಳಿ ಹಿನ್ನೆಲೆಯಲ್ಲಿ ಈ ವಿಧಾನ ಸುಳ್ಳು ಎಚ್ಚರಿಕೆ ಕೊಡಬಹುದು.

ಮೆಟಾಡೇಟಾ

ಕ್ಯಾಮೆರಾ ತನ್ನ ಮಾದರಿ, ದಿನಾಂಕ ಮುಂತಾದ ವಿವರಗಳನ್ನು ಕಡತದೊಳಗೆ ಬರೆಯುತ್ತದೆ. ಅವನ್ನು ಹೀಗೆ ಓದಬಹುದು:

```
exiftool -Software -DateTimeOriginal -ModifyDate mavu.jpg
```

`Software` ಸಾಲಿನಲ್ಲಿ ತಿದ್ದುವ ತಂತ್ರಾಂಶದ ಹೆಸರಿದ್ದರೆ, ಅಥವಾ `ModifyDate` ಚಿತ್ರ ತೆಗೆದ ದಿನಕ್ಕಿಂತ ಈಚಿನದಾಗಿದ್ದರೆ, ಕಡತವನ್ನು ಮತ್ತೆ ಉಳಿಸಲಾಗಿದೆ ಎಂದಷ್ಟೇ ಅರ್ಥ. ಬೆಳಕು ಹೊಂದಿಸಿದರೂ ಈ ಗುರುತು ಉಳಿಯುತ್ತದೆ. ವಾಟ್ಸಾಪ್ ಮೂಲಕ ಚಿತ್ರವಾಗಿ ಬಂದ ಕಡತದಲ್ಲಿ ಈ ವಿವರಗಳು ಅಳಿದಿರುತ್ತವೆ. ಅವು ಇಲ್ಲದಿರುವುದು ಮೋಸದ ಪುರಾವೆಯಲ್ಲ. ವಿವರಗಳನ್ನು ಬೇಕಾದಂತೆ ಬದಲಿಸಲೂ ಬರುತ್ತದೆ. ಆದ್ದರಿಂದ ಮೆಟಾಡೇಟಾದ ಸುಳಿವನ್ನು ನೆರಳು, ತೇಪೆಗಳ ಸಾಕ್ಷ್ಯದೊಂದಿಗೆ ಕೂಡಿಸಿಯೇ ತೀರ್ಮಾನಿಸಬೇಕು.

ದೂರು ಕೊಡುವ ಗ್ರಾಹಕರು ಜಾಹೀರಾತಿನ ಮೂಲ ಕಡತವನ್ನು ತಿದ್ದದೆ, ಕತ್ತರಿಸದೆ ಉಳಿಸಿಕೊಳ್ಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.