ರಾಷ್ಟ್ರಮುಖ್ಯಸ್ಥರ ಆಯ್ಕೆ: ಗಣರಾಜ್ಯ ಮತ್ತು ಸಾಂವಿಧಾನಿಕ ರಾಜಪ್ರಭುತ್ವ

ಗಣರಾಜ್ಯದಲ್ಲಿ ರಾಷ್ಟ್ರಮುಖ್ಯಸ್ಥರು ಚುನಾಯಿತರು, ರಾಜಪ್ರಭುತ್ವದಲ್ಲಿ ವಂಶಪಾರಂಪರ್ಯವಾಗಿ ಬಂದವರು ಎಂಬುದು ಪಠ್ಯಪುಸ್ತಕಗಳ ವಿವರಣೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ಬ್ರಿಟನ್ನಿನ ರಾಜನೂ ಭಾರತದ ರಾಷ್ಟ್ರಪತಿಯೂ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರೇ. ಇಬ್ಬರ ಹುದ್ದೆಗೂ ಕಾನೂನೇ ಆಧಾರ. ಆಯ್ಕೆ ಯಾವಾಗ ನಡೆಯುತ್ತದೆ ಎಂದು ಕೇಳಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಂದು ಕಡೆ ಸ್ಥಾನ ತೆರವಾದಾಗಲೆಲ್ಲ ವ್ಯಕ್ತಿಯನ್ನು ಹೊಸದಾಗಿ ಆರಿಸಬೇಕು. ಇನ್ನೊಂದು ಕಡೆ ಮುಂದಿನವರು ಯಾರೆಂಬುದನ್ನು ನಿಯಮ ಮೊದಲೇ ತೀರ್ಮಾನಿಸಿರುತ್ತದೆ.

2022ರ ಸೆಪ್ಟೆಂಬರ್ 8ರಂದು ಎರಡನೇ ಎಲಿಜಬೆತ್ ತೀರಿಕೊಂಡ ಕ್ಷಣದಲ್ಲೇ ಮೂರನೇ ಚಾರ್ಲ್ಸ್ ರಾಜನಾದರು. ಎರಡು ದಿನಗಳ ನಂತರ ಸೇರಿದ ಪದಗ್ರಹಣ ಮಂಡಲಿ ಮಾಡಿದ್ದು ಆಯ್ಕೆಯನ್ನಲ್ಲ, ಆಗಿಹೋದದ್ದರ ಘೋಷಣೆಯನ್ನು. 2023ರ ಮೇ ತಿಂಗಳ ಕಿರೀಟಧಾರಣೆಯೂ ಕೇವಲ ವಿಧಿಯೇ; ಎಂಟನೇ ಎಡ್ವರ್ಡ್ ಕಿರೀಟ ಧರಿಸದೆಯೇ ರಾಜನಾಗಿದ್ದರು. ಹಾಗೆಂದು ಇದು ರಕ್ತಸಂಬಂಧದ ಮಾತಷ್ಟೇ ಎನ್ನುವಂತಿಲ್ಲ. ಉತ್ತರಾಧಿಕಾರದ ಅಡಿಗಲ್ಲು 1701ರ ಸಂಸತ್ತಿನ ಕಾಯ್ದೆ. ಅದರಂತೆ ಕ್ಯಾಥೊಲಿಕರು ಇಂದಿಗೂ ಸಿಂಹಾಸನ ಏರುವಂತಿಲ್ಲ. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ಅಕ್ಕನನ್ನು ಹಿಂದಿಕ್ಕಿ ತಮ್ಮ ಮುಂದೆ ಹೋಗುವ ಪದ್ಧತಿಯನ್ನು 2013ರ ಕಾಯ್ದೆ ಕೈಬಿಟ್ಟಿತು.

ಹಾಗಾದರೆ ರಾಜನನ್ನೂ ಸಂಸತ್ತೇ ಆರಿಸಿದಂತಾಗಲಿಲ್ಲವೇ ಎಂದು ಆಕ್ಷೇಪಿಸಬಹುದು. ಸಂಸತ್ತು ಬದಲಿಸುವುದು ಸಾಲಿನ ನಿಯಮವನ್ನು. ಸಾಲಿನಲ್ಲಿ ನಿಂತವರ ಯೋಗ್ಯತೆಯನ್ನು ಅದು ತೂಗುವುದಿಲ್ಲ. 1936ರ ಡಿಸೆಂಬರಿನಲ್ಲಿ ಎಡ್ವರ್ಡ್ ಸಿಂಹಾಸನ ತ್ಯಜಿಸಿದಾಗ ಅದಕ್ಕೆ ಕಾನೂನಿನ ಬಲ ಕೊಡಲು ಕಾಯ್ದೆಯೇ ಬೇಕಾಯಿತು. ಅಂಥ ಬಿಕ್ಕಟ್ಟಿನಲ್ಲೂ ಮುಂದೆ ಯಾರು ಎಂಬ ಮತದಾನ ನಡೆಯಲಿಲ್ಲ. ಸಾಲಿನಲ್ಲಿ ಮುಂದಿದ್ದ ತಮ್ಮ, ಮನಸ್ಸಿದ್ದರೂ ಇಲ್ಲದಿದ್ದರೂ, ಆರನೇ ಜಾರ್ಜ್ ಆದರು.

ಭಾರತದಲ್ಲಿ 35 ವರ್ಷ ತುಂಬಿದ, ಲೋಕಸಭಾ ಸದಸ್ಯತ್ವಕ್ಕೆ ಅರ್ಹನಾದ, ಲಾಭದಾಯಕ ಹುದ್ದೆಯಲ್ಲಿಲ್ಲದ ಯಾವುದೇ ಪ್ರಜೆ ರಾಷ್ಟ್ರಪತಿ ಹುದ್ದೆಗೆ ಸ್ಪರ್ಧಿಸಬಹುದು. ಮತ ಹಾಕುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು; ನಾಮಕರಣಗೊಂಡವರಿಗೆ ಹಕ್ಕಿಲ್ಲ. ಶಾಸಕರ ಮತದ ಮೌಲ್ಯ ರಾಜ್ಯದ ಜನಸಂಖ್ಯೆಗೆ ತಕ್ಕಂತೆ ಬೇರೆಬೇರೆ. 1971ರ ಜನಗಣತಿಯ ಆಧಾರದಲ್ಲಿ 2022ರಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಮೌಲ್ಯವಿದ್ದರೆ ಸಿಕ್ಕಿಮಿನವರದಕ್ಕೆ 7 ಮಾತ್ರ.

ಇದೆಲ್ಲ ನೆಪಮಾತ್ರದ ಚುನಾವಣೆ, ಆಳುವ ಪಕ್ಷ ಹೆಸರಿಸಿದವರೇ ಗೆಲ್ಲುತ್ತಾರೆ ಎಂಬ ದೂರು ಹಳೆಯದು. ಬಹುತೇಕ ಸಲ ಅದು ನಿಜವೂ ಹೌದು. ಆದರೆ 1969ರಲ್ಲಿ ನಡೆದದ್ದೇ ಬೇರೆ. ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಹಂಗಾಮಿಯಾಗಿದ್ದ ಉಪರಾಷ್ಟ್ರಪತಿ ವಿ.ವಿ. ಗಿರಿ ಸ್ವತಃ ಕಣಕ್ಕಿಳಿಯಲು ಜುಲೈನಲ್ಲಿ ರಾಜೀನಾಮೆ ಕೊಟ್ಟಾಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಆ ಹೊಣೆ ಹೊತ್ತರು. ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್, ಬೆಂಗಳೂರಿನ ಸಭೆಯಲ್ಲಿ ನೀಲಂ ಸಂಜೀವ ರೆಡ್ಡಿಯವರನ್ನು ಅಧಿಕೃತ ಅಭ್ಯರ್ಥಿ ಎಂದು ತೀರ್ಮಾನಿಸಿತು. ಇಂದಿರಾ ಗಾಂಧಿ ‘ಆತ್ಮಸಾಕ್ಷಿಯ ಮತ’ದ ಕರೆ ಕೊಟ್ಟರು. ಗೆಲುವಿಗೆ ಬೇಕಿದ್ದದ್ದು ಮಾನ್ಯ ಮತಮೌಲ್ಯದ ಅರ್ಧಕ್ಕಿಂತ ಹೆಚ್ಚು, ಅಂದರೆ 4,18,169. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769 ಬಂದವು. ಯಾರೂ ಗೆರೆ ಮುಟ್ಟದ ಕಾರಣ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿತ್ತೋ ಅವರಿಗೆ ಹಂಚುತ್ತ ಹೋದರು. ದೇಶಮುಖರ ಮತಗಳಲ್ಲಿ ಹೆಚ್ಚಿನವು ರೆಡ್ಡಿಯವರ ಕಡೆಗೇ ಸರಿದವು. ಆದರೂ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಪಕ್ಷದ ಅಧಿಕೃತ ಅಭ್ಯರ್ಥಿ ಸೋತರು, ಆ ವರ್ಷವೇ ಪಕ್ಷ ಒಡೆಯಿತು. ಈ ಹುದ್ದೆಯ ಆಯ್ಕೆ ಎಷ್ಟು ರಾಜಕೀಯದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಮತ್ತು ಅದನ್ನು ದೋಷವೆಂದು ಎಣಿಸಬೇಕಾಗಿಯೂ ಇಲ್ಲ: ಸೋಲುವ ಸಾಧ್ಯತೆ ಇರುವ ಕಡೆ ಮಾತ್ರ ಆಯ್ಕೆ ಎಂಬ ಮಾತಿಗೆ ಅರ್ಥವಿದೆ. ಅದಕ್ಕೆ ತೆತ್ತ ಬೆಲೆಯೂ ಇಲ್ಲಿ ಕಾಣುತ್ತದೆ. ಹೊಸ ರಾಷ್ಟ್ರಪತಿ ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 24ರಂದು. ಹೆಚ್ಚುಕಡಿಮೆ ನಾಲ್ಕು ತಿಂಗಳು ದೇಶ ಹಂಗಾಮಿಗಳ ಕೈಯಲ್ಲಿತ್ತು. ತೆರವಾದ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ಸಂವಿಧಾನ ಗಡುವು ಹಾಕಿರುವುದು ಇಂಥ ಅಂತರ ಬೆಳೆಯದಿರಲೆಂದೇ.

ಈ ವಾದಕ್ಕೆ ಗಟ್ಟಿಯಾದ ತೊಡಕು ಒಡ್ಡುವ ದೇಶ ಮಲೇಷ್ಯಾ. ಅಲ್ಲಿನ ಒಂಬತ್ತು ರಾಜ್ಯಗಳ ವಂಶಪಾರಂಪರ್ಯ ಒಡೆಯರು ಸೇರಿ ತಮ್ಮಲ್ಲೊಬ್ಬರನ್ನು ಗುಪ್ತ ಮತದಾನದಿಂದ ಐದು ವರ್ಷಗಳ ಅವಧಿಗೆ ರಾಜನನ್ನಾಗಿ ಆರಿಸುತ್ತಾರೆ. 2019ರ ಜನವರಿ 6ರಂದು ಐದನೇ ಮುಹಮ್ಮದ್ ಪದತ್ಯಾಗ ಮಾಡಿದಾಗ ಸಿಂಹಾಸನ ನಿಜಕ್ಕೂ ಖಾಲಿಯಾಯಿತು. 24ರಂದು ಒಡೆಯರ ಸಭೆ ಪಹಾಂಗಿನ ಅಬ್ದುಲ್ಲಾ ಅವರನ್ನು ಆರಿಸಿತು. ಆಯ್ಕೆಯ ಸಮಯವನ್ನೇ ಅಳತೆಗೋಲಾಗಿ ಹಿಡಿದರೆ ಮಲೇಷ್ಯಾ ಭಾರತದ ಪಕ್ಕ ನಿಲ್ಲುತ್ತದೆ ಎಂಬುದನ್ನು ಒಪ್ಪಬೇಕು. ಅದನ್ನು ರಾಜಪ್ರಭುತ್ವವಾಗಿ ಉಳಿಸಿರುವುದು ಅಭ್ಯರ್ಥಿಗಳ ವಲಯ: ಆ ಒಂಬತ್ತು ಮಂದಿಯಾಚೆಗೆ ಯಾವ ಮಲೇಷ್ಯನ್ ಪ್ರಜೆಗೂ ಅಲ್ಲಿ ನಿಲ್ಲುವ ಹಕ್ಕಿಲ್ಲ, ಮತ ಹಾಕುವ ಹಕ್ಕೂ ಇಲ್ಲ.